ರೆಸ್ಯೂಮೆಲಿ "ನಾವು ಮಾಡಿದ್ವಿ", "ಅಸಿಸ್ಟ್ ಮಾಡಿದೆ", "ಹೆಲ್ಪ್ ಮಾಡಿದೆ" ಅಂತಿದ್ರೆ ಅವರ ಪಾಲು ಎಷ್ಟು ಅಂತ ತಿಳ್ಕೊಳ್ಳೋ ನಾಲ್ಕು ದಾರಿ: ಯಾವುದು ಯಾವಾಗ

ಒಂದೇ ಕಂಪನಿಯಿಂದ ಮೂರು ಜನ ನಿಮ್ಮ ಹತ್ರ ಅಪ್ಲೈ ಮಾಡಿದಾರೆ, ಮೂರೂ ರೆಸ್ಯೂಮೆಲಿ ಒಂದೇ ಪ್ರಾಜೆಕ್ಟ್ ಇದೆ ಅಂತ ಇಟ್ಕೊಳ್ಳಿ. ಮೊದಲನೆಯವರು ಬರ್ದಿರೋದು, ತಿಂಗಳ ಕೊನೆಯ ಬಿಲ್ಲಿಂಗ್ ಬ್ಯಾಚ್ ಓಡೋಕೆ 9 ಗಂಟೆ ಹಿಡೀತಿತ್ತು, ನಾವು ಅದನ್ನ ಎರಡೂವರೆ ಗಂಟೆಗೆ ಇಳಿಸಿದ್ವಿ. ಎರಡನೆಯವರದ್ದು, ಬಿಲ್ಲಿಂಗ್ ಬ್ಯಾಚ್ ಆಪ್ಟಿಮೈಸೇಷನ್‌ನಲ್ಲಿ ಸೀನಿಯರ್ ಇಂಜಿನಿಯರ್‌ಗೆ ಅಸಿಸ್ಟ್ ಮಾಡಿದೆ. ಮೂರನೆಯವರದ್ದು, ಬಿಲ್ಲಿಂಗ್ ಪರ್ಫಾರ್ಮೆನ್ಸ್ 72% ಸುಧಾರಿಸೋಕೆ ಹೆಲ್ಪ್ ಮಾಡಿದೆ. ಲೆಕ್ಕ ಹಾಕಿದ್ರೆ ಆ 72% ಅನ್ನೋದೂ ಅದೇ 9ರಿಂದ ಎರಡೂವರೆ, ಬೇರೆ ವೇಷದಲ್ಲಿ ಬಂದಿದೆ ಅಷ್ಟೆ. ಈಗ ಇವರಲ್ಲಿ ಯಾರು ಏನು ಮಾಡಿದ್ರು ಅಂತ ಹೇಗೆ ಗೊತ್ತಾಗತ್ತೆ?

ತುಂಬಾ ಜನ ಇಲ್ಲಿ ಕ್ರಿಯಾಪದ ನೋಡಿನೇ ಮಾರ್ಕ್ಸ್ ಹಾಕ್ಬಿಡ್ತಾರೆ, "ಲೆಡ್" ಅಂದ್ರೆ ಹತ್ತು, "ನಾವು" ಅಂದ್ರೆ ಐದು, "ಅಸಿಸ್ಟ್" ಅಂದ್ರೆ ಎರಡು. ಇದು ನನಗೆ ಒಪ್ಪಿಗೆ ಇಲ್ಲ, ಯಾಕಂದ್ರೆ ಆ ಪದ ಮುಖ್ಯವಾಗಿ ಹೇಳೋದು ಬರೆದವರ ಸ್ವಭಾವವನ್ನ, ಅವರಿದ್ದ ಟೀಮಿನ ಮಾತಿನ ರೂಢಿಯನ್ನ, ಅಥವಾ ರೆಸ್ಯೂಮೆ ತಿದ್ದಿಕೊಟ್ಟ ಫ್ರೆಂಡ್ ಏನು ಹೇಳಿದ್ರು ಅನ್ನೋದನ್ನ. ಕೆಲಸ ಎಷ್ಟು ಅವರದ್ದು ಅನ್ನೋದು ಅದ್ರಲ್ಲಿ ಇಲ್ಲ. ಮಾತಿನಲ್ಲಿ ಸರ್ವನಾಮ ಹೇಗೆ ಬಳಕೆ ಆಗತ್ತೆ ಅಂತ ಸ್ಟಡಿ ಮಾಡಿದವರು ಕಂಡುಕೊಂಡಿದ್ದು ನಮ್ಮ ಊಹೆಗೆ ಉಲ್ಟಾನೇ ಇದೆ, ಗುಂಪಿನಲ್ಲಿ ಮೇಲಿನ ಸ್ಥಾನದಲ್ಲಿರೋರು "ನಾನು" ಕಡಿಮೆ, "ನಾವು" ಜಾಸ್ತಿ ಬಳಸ್ತಾರಂತೆ. ಅಂದ್ರೆ "ನಾವು" ಅಂತ ಬರೆದವರು ಬದಿಯಲ್ಲಿ ನಿಂತು ನೋಡಿದವರೂ ಆಗಿರ್ಬಹುದು, ಇಡೀ ಕೆಲಸ ಹೊತ್ತವರೂ ಆಗಿರ್ಬಹುದು.

ಹಾಗಾದ್ರೆ ತಿಳ್ಕೊಳ್ಳೋ ದಾರಿ ಯಾವುದು ಅಂದ್ರೆ ನಾಲ್ಕಿದೆ: ರೆಸ್ಯೂಮೆನೇ ಹುಷಾರಾಗಿ ಓದೋದು, ಇಂಟರ್ವ್ಯೂಗೆ ಮುಂಚೆ ಮೇಲ್‌ನಲ್ಲಿ ಒಂದು ಪ್ರಶ್ನೆ ಕಳಿಸೋದು, ಇಂಟರ್ವ್ಯೂನಲ್ಲಿ ಒಂದೇ ಸಾಲು ಹಿಡ್ಕೊಂಡು ಆಳಕ್ಕೆ ಹೋಗೋದು, ಕೊನೆಗೆ ರೆಫರೆನ್ಸ್ ಕಾಲ್. ನಾಲ್ಕನ್ನೂ ಎಲ್ಲರ ಮೇಲೂ ಮಾಡೋಕೆ ಯಾರಿಗೂ ಟೈಮ್ ಇರಲ್ಲ, ಮಾಡೋ ಅಗತ್ಯನೂ ಇಲ್ಲ.

ರೆಸ್ಯೂಮೆ ಮಾತ್ರ ಓದಿ ಎಷ್ಟು ಗೊತ್ತಾಗತ್ತೆ

ಸ್ವಲ್ಪ ಗೊತ್ತಾಗತ್ತೆ, ಆದ್ರೆ ಕ್ರಿಯಾಪದದಿಂದ ಅಲ್ಲ, ಅದರ ಪಕ್ಕದಲ್ಲಿ ಇರೋದ್ರಿಂದ. ಮೊದಲು ನೋಡ್ಬೇಕಾದ್ದು, ಅಸಿಸ್ಟ್ ಮಾಡಿದ್ದು ಯಾವುದಕ್ಕೆ ಅಂತ. "ಬಿಲ್ಲಿಂಗ್ ಬ್ಯಾಚ್ ಆಪ್ಟಿಮೈಸೇಷನ್" ಅಂದ್ರೆ ಇಡೀ ಪ್ರಾಜೆಕ್ಟ್ ಹೆಸರು, ಅದ್ರಿಂದ ಏನೂ ಸಿಗಲ್ಲ. ಅದೇ "ಹಳೇ ಬಿಲ್ಲು ಹೊಸ ಬಿಲ್ಲು ಹೋಲಿಸೋ ಟೆಸ್ಟ್ ಬರೆದು ಬ್ಯಾಚ್ ಆಪ್ಟಿಮೈಸೇಷನ್‌ಗೆ ಅಸಿಸ್ಟ್ ಮಾಡಿದೆ" ಅಂತ ಇದ್ರೆ ಅಸಿಸ್ಟ್ ಅನ್ನೋ ಪದ ಇದ್ರೂ ಅವರ ಪಾಲು ಅಲ್ಲೇ ಕಾಣ್ಸತ್ತೆ, ಅದಕ್ಕೆ ಬೇರೆ ವಿಚಾರಣೆನೇ ಬೇಡ.

ಎರಡನೇದು ನಂಬರ್ ಯಾರದ್ದು ಅನ್ನೋದು. ಬ್ಯಾಚ್ ಎರಡೂವರೆ ಗಂಟೆಗೆ ಇಳೀತು ಅನ್ನೋದು ಟೀಮಿನ ಫಲ, ಐದಾರು ಜನರ ಕೆಲಸ ಸೇರಿ ಬಂದಿದ್ದು. ಒಬ್ಬ ವ್ಯಕ್ತಿಯ ನಂಬರ್ ಬೇರೆ ತರ ಇರತ್ತೆ, ಇಷ್ಟು ಟೆಸ್ಟ್ ಬರೆದೆ, ಇಷ್ಟು ಕ್ವೆರಿ ತಿದ್ದಿದೆ, ಇಷ್ಟು ಗ್ರಾಹಕರ ಡೇಟಾ ಚೆಕ್ ಮಾಡಿದೆ ಅಂತ. ಟೀಮಿನ ನಂಬರ್ ರೆಸ್ಯೂಮೆಲಿ ಹಾಕೋದು ತಪ್ಪಲ್ಲ, ಎಲ್ಲರೂ ಹಾಕ್ತಾರೆ, ಹಾಕಿ ಅಂತ ಎಲ್ಲಾ ಕಡೆ ಹೇಳಿನೂ ಕೊಡ್ತಾರೆ, ಓದೋರು ಮಾತ್ರ ಅದನ್ನ ಆ ವ್ಯಕ್ತಿಯ ಖಾತೆಗೆ ಪೂರ್ತಿ ಜಮಾ ಮಾಡ್ಬಾರ್ದು ಅಷ್ಟೆ.

ಮೂರನೇದು ನನಗೆ ತುಂಬಾ ಉಪಯೋಗಕ್ಕೆ ಬಂದಿರೋದು, ಇಡೀ ರೆಸ್ಯೂಮೆಲಿ ಪದಗಳು ಹೇಗೆ ಹಂಚಿಕೊಂಡಿವೆ ಅಂತ ನೋಡೋದು. ಒಬ್ರು ಒಂದು ಸಾಲಿನಲ್ಲಿ "ಡಿಸೈನ್ ಮಾಡಿದೆ", ಇನ್ನೊಂದರಲ್ಲಿ "ಬರೆದೆ", ಮತ್ತೊಂದರಲ್ಲಿ "ಅಸಿಸ್ಟ್ ಮಾಡಿದೆ" ಅಂತ ಬಳಸಿದ್ರೆ ಅವರು ಅಳೆದು ಬರೀತಿದಾರೆ ಅಂತ ಅರ್ಥ, ಆ ಅಸಿಸ್ಟ್‌ನ ಅಸಿಸ್ಟ್ ಅಂತಾನೇ ತಗೋಬಹುದು, ಜೊತೆಗೆ ಆ "ಡಿಸೈನ್ ಮಾಡಿದೆ" ಅನ್ನೋದನ್ನೂ ಇನ್ನೂ ಸ್ವಲ್ಪ ಧೈರ್ಯವಾಗಿ ನಂಬಬಹುದು. ಹತ್ತಕ್ಕೆ ಹತ್ತೂ ಸಾಲು ಅಸಿಸ್ಟ್ ಆದ್ರೆ ಅದು ಅಭ್ಯಾಸ, ಹತ್ತಕ್ಕೆ ಹತ್ತೂ ಲೆಡ್ ಆದ್ರೆ ಅದೂ ಅಭ್ಯಾಸ, ಎರಡೂ ಕಡೆ ಆ ಪದ ತನ್ನ ಅರ್ಥ ಕಳ್ಕೊಂಡಿರತ್ತೆ.

ಇಷ್ಟು ನೋಡೋಕೆ ಒಂದು ರೆಸ್ಯೂಮೆಗೆ ಎರಡು ಮೂರು ನಿಮಿಷ ಸಾಕು. ಅಪ್ಲಿಕೇಷನ್ ನೂರಾರು ಇದ್ದಾಗ ಈ ದಾರಿ ಬಿಟ್ರೆ ಬೇರೆ ಇಲ್ಲ, ಆದ್ರೆ ಇದ್ರಿಂದ ಮಾಡ್ಬೇಕಾದ್ದು "ಇವರನ್ನ ಇನ್ನಷ್ಟು ಕೇಳ್ಬೇಕು" ಅನ್ನೋ ಗುರುತು ಹಾಕೋದು ಮಾತ್ರ. ರಿಜೆಕ್ಟ್ ಮಾಡೋಕೆ ಇದು ಸಾಲಲ್ಲ. ಯಾಕೆ ಅಂದ್ರೆ, ಸ್ಪಷ್ಟ ಇಲ್ಲದ ಜಾಗವನ್ನ ನಾವು ಊಹೆಯಿಂದ ತುಂಬಿಸ್ತೀವಿ, ಆ ಊಹೆ ಎಲ್ಲರಿಗೂ ಒಂದೇ ತರ ಇರಲ್ಲ. ಅಮೆರಿಕದ ಅರ್ಥಶಾಸ್ತ್ರ ಪ್ರೊಫೆಸರ್‌ಗಳಿಗೆ ಟೆನ್ಯೂರ್, ಅಂದ್ರೆ ಕಾಯಂ ಹುದ್ದೆ, ಸಿಗೋದ್ರ ಬಗ್ಗೆ ಹೆದರ್ ಸಾರ್ಸನ್ಸ್ ಮತ್ತು ಜೊತೆಗಾರರು 2021ರಲ್ಲಿ ಒಂದು ಪೇಪರ್ ಪಬ್ಲಿಷ್ ಮಾಡಿದಾರೆ, ಅದ್ರ ಪ್ರಕಾರ ಗಂಡಸರು ಒಬ್ಬರೇ ಬರೆದ್ರೂ ಜೊತೆಗೂಡಿ ಬರೆದ್ರೂ ಹೆಚ್ಚೂಕಡಿಮೆ ಒಂದೇ ಕ್ರೆಡಿಟ್ ಸಿಗ್ತಿತ್ತು, ಹೆಂಗಸರಿಗೆ ಜೊತೆಗೂಡಿ ಬರೆದ ಪೇಪರ್‌ಗೆ ಕಡಿಮೆ ಸಿಗ್ತಿತ್ತು. ಯಾರ ಪಾಲು ಎಷ್ಟು ಅಂತ ಗೊತ್ತಾಗದೇ ಇದ್ದಾಗ ಓದುವವರು ತಮ್ಮ ಮನಸ್ಸಿನಲ್ಲಿದ್ದಂತೆ ಹಂಚಿಬಿಟ್ರು. "ನಾವು" ಅನ್ನೋ ಸಾಲಿನ ಮುಂದೆ ಕೂತಾಗ ನಮಗೂ ಇದೇ ಆಗತ್ತೆ, ಅದಕ್ಕೇ ಊಹೆ ಬಿಟ್ಟು ಕೇಳ್ಬೇಕು, ಕೇಳೋದಾದ್ರೆ ಎಲ್ಲರಿಗೂ ಅದೇ ಪ್ರಶ್ನೆ ಕೇಳ್ಬೇಕು.

ಮೇಲ್‌ನಲ್ಲಿ ಒಂದು ಪ್ರಶ್ನೆ

ಇದನ್ನ ಮಾಡೋರು ಕಡಿಮೆ, ಆದ್ರೆ ಇಪ್ಪತ್ತು ಮೂವತ್ತು ಜನರಿಂದ ಐದಾರು ಜನಕ್ಕೆ ಇಳಿಸ್ಬೇಕಾದಾಗ ಇದೇ ಒಳ್ಳೇ ದಾರಿ. ರೆಸ್ಯೂಮೆಯ ಒಂದೇ ಒಂದು ಸಾಲು ಎತ್ತಿ ಹೀಗೆ ಕೇಳಿ: ಈ ಕೆಲಸದಲ್ಲಿ ಎಷ್ಟು ಜನ ಇದ್ರಿ, ನಿಮ್ಮ ಕೈಗೆ ಬಂದಿದ್ದು ಯಾವ ಭಾಗ, ಪಕ್ಕದವರು ಮಾಡಿದ್ದು ಯಾವ ಭಾಗ, ಐದಾರು ಸಾಲಿನಲ್ಲಿ ಬರೀರಿ. ಪಕ್ಕದವರು ಮಾಡಿದ್ದೇನು ಅನ್ನೋದನ್ನ ಬಿಡ್ಬೇಡಿ, ಅದೇ ಈ ಪ್ರಶ್ನೆಯ ಜೀವ, ಯಾಕಂದ್ರೆ ಬೇರೆಯವರ ಕೆಲಸ ಎಲ್ಲಿ ಶುರು ಆಗತ್ತೆ ಅಂತ ಹೇಳೋಕೆ ಆಗೋರಿಗೆ ತಮ್ಮ ಕೆಲಸ ಎಲ್ಲಿ ಮುಗೀತು ಅಂತಾನೂ ಗೊತ್ತಿರತ್ತೆ. ಮಾತಾಡೋವಾಗ ತಡವರಿಸೋ ಜನಕ್ಕೂ ಇದು ಅನುಕೂಲ, ಯೋಚನೆ ಮಾಡಿ ಬರೀಬಹುದು. ತೊಂದ್ರೆ ಏನಂದ್ರೆ ಯಾರಾದ್ರೂ ಬರ್ದುಕೊಟ್ಟಿರಬಹುದು, ನಯವಾಗಿ ತಿದ್ದಿರಬಹುದು, ಹಾಗಾಗಿ ಉತ್ತರವನ್ನ ತೀರ್ಪು ಅಂತ ತಗೋಳೋ ಹಾಗಿಲ್ಲ, ಇಂಟರ್ವ್ಯೂನಲ್ಲಿ ಎಲ್ಲಿಂದ ಶುರು ಮಾಡ್ಬೇಕು ಅನ್ನೋದಕ್ಕೆ ಅದು ಸಾಕು.

ಇಂಟರ್ವ್ಯೂನಲ್ಲಿ ಒಂದೇ ಸಾಲು ಹಿಡಿಯೋದು

ನಾಲ್ಕರಲ್ಲಿ ಜಾಸ್ತಿ ಸತ್ಯ ಸಿಗೋದು ಇಲ್ಲೇ, ಖರ್ಚೂ ಇಲ್ಲೇ ಜಾಸ್ತಿ, ಒಂದು ಸಾಲಿಗೆ ಹದಿನೈದು ಇಪ್ಪತ್ತು ನಿಮಿಷ ಹೋಗತ್ತೆ, ಅಂದ್ರೆ ಒಂದು ಇಂಟರ್ವ್ಯೂಗೆ ಎರಡು ಸಾಲಿಗಿಂತ ಜಾಸ್ತಿ ಆಗಲ್ಲ. ಯಾವ ಎರಡು ಸಾಲು ಅಂತ ಮುಂಚೆನೇ ಆರಿಸ್ಕೊಂಡು ಹೋಗ್ಬೇಕು, ನಿಮ್ಮ ಕೆಲಸಕ್ಕೆ ಹತ್ತಿರ ಇರೋದನ್ನ ಆರಿಸಿ, ದೊಡ್ಡ ನಂಬರ್ ಇರೋದನ್ನ ಅಲ್ಲ.

ಮೊದಲು ಮಾಡ್ಬಾರದ್ದು ಹೇಳ್ತೀನಿ. "ನಾವು ಅನ್ಬೇಡಿ, ನೀವು ಏನು ಮಾಡಿದ್ರಿ ಹೇಳಿ" ಅಂತ ಮಧ್ಯ ಬಾಯಿ ಹಾಕೋದು ಎಷ್ಟೋ ಪ್ಯಾನೆಲ್‌ಗಳಲ್ಲಿ ರೂಢಿ ಆಗಿಬಿಟ್ಟಿದೆ, ಅದ್ರಿಂದ ಆಗೋದು ಏನು ಅಂದ್ರೆ ಎದುರಿಗಿರೋರು ಗಾಬರಿಯಾಗಿ ಎಲ್ಲಾ ವಾಕ್ಯದಲ್ಲೂ "ನಾನು" ಹಾಕೋಕೆ ಶುರು ಮಾಡ್ತಾರೆ, ಪದ ಬದಲಾಗತ್ತೆ ಮಾಹಿತಿ ಬದಲಾಗಲ್ಲ, ಮೇಲಾಗಿ ಪ್ರಾಮಾಣಿಕವಾಗಿ ಟೀಮಿಗೆ ಕ್ರೆಡಿಟ್ ಕೊಡ್ತಿದ್ದವರನ್ನ ನೀವೇ ಉತ್ಪ್ರೇಕ್ಷೆಗೆ ತಳ್ಳಿದ ಹಾಗಾಯ್ತು. ಅದರ ಬದಲು ಟೀಮಿನ ಬಗ್ಗೆನೇ ಕೇಳಿ, ಎಷ್ಟು ಜನ, ಯಾರು ಯಾವ ಭಾಗ ಹಿಡ್ಕೊಂಡ್ರು, ಆಮೇಲೆ ನಿಧಾನಕ್ಕೆ ಅವರ ಭಾಗಕ್ಕೆ ಇಳೀರಿ.

"ನಾವು ಇಳಿಸಿದ್ವಿ" ಅಂದವರ ಜೊತೆ ಮಾತು ಹೀಗೆ ಹೋಗ್ಬಹುದು. ಆ 9 ಗಂಟೆ ಎಲ್ಲಿ ಹೋಗ್ತಿತ್ತು ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ ಅವರು ಹೇಳ್ತಾರೆ, ಮೂರು ಹಂತ ಇತ್ತು ಸರ್, ಡೇಟಾ ತರೋದು, ಲೆಕ್ಕ ಹಾಕೋದು, ಬಿಲ್ಲಿನ ಪಿಡಿಎಫ್ ಮಾಡೋದು, ಪ್ರತಿ ಹಂತದ ಶುರುಗೂ ಕೊನೆಗೂ ಟೈಮ್ ಲಾಗ್ ಆಗೋ ಹಾಗೆ ನಾನು ಮಾಡಿದೆ, ನೋಡಿದ್ರೆ ಡೇಟಾ ತರೋಕೇ 7 ಗಂಟೆ ಹೋಗ್ತಿತ್ತು, ಉಳಿದ ಎರಡಕ್ಕೆ ಒಂದೊಂದು ಗಂಟೆ. ಯಾಕೆ 7 ಗಂಟೆ? ಪ್ರತಿ ಗ್ರಾಹಕರಿಗೂ ಡೇಟಾಬೇಸ್‌ಗೆ ಬೇರೆ ಬೇರೆ ಕ್ವೆರಿ ಹೋಗ್ತಿತ್ತು, ಲೂಪ್ ಒಳಗಡೆ. ಸರಿ ಮಾಡಿದ್ಯಾರು? ಕ್ವೆರಿಗಳನ್ನ ಒಟ್ಟು ಮಾಡಿ ಒಂದು ಸಲಕ್ಕೆ ಸಾವಿರ ಗ್ರಾಹಕರ ಡೇಟಾ ಬರೋ ಹಾಗೆ ಬರೆದಿದ್ದು ನನ್ನ ಕಲೀಗ್, ಅದು ಅರ್ಧ ಗಂಟೆಗೆ ಬಂತು. ಅರ್ಧ ಗಂಟೆ, ಮತ್ತೆ ಒಂದು, ಮತ್ತೆ ಒಂದು, ಸೇರಿಸಿದ್ರೆ ಎರಡೂವರೆ, ಲೆಕ್ಕ ಕೂಡತ್ತೆ. ಈ ತರ ಲೆಕ್ಕ ಕೂಡೋದು ಮುಖ್ಯ, ಕೆಲಸದ ಒಳಗೆ ಇದ್ದವರ ನಂಬರ್‌ಗಳು ಒಂದಕ್ಕೊಂದು ಹೊಂದ್ಕೊಂಡು ಇರತ್ತೆ.

ಇಷ್ಟಕ್ಕೇ ನಿಲ್ಲಿಸಿದ್ರೆ ಸಾಲಲ್ಲ. ಮೀಟಿಂಗ್‌ನಲ್ಲಿ ಗಮನ ಕೊಟ್ಟು ಕೂತವರಿಗೂ ಇಷ್ಟು ಗೊತ್ತಿರತ್ತೆ, ಪ್ರಾಜೆಕ್ಟ್ ಮುಗಿದ ಮೇಲೆ ಮಾಡಿದ ಪ್ರೆಸೆಂಟೇಷನ್ ನೋಡಿದವರೂ ಇಷ್ಟು ಹೇಳ್ತಾರೆ. ತಿಳಿದವರನ್ನ ಮಾಡಿದವರಿಂದ ಬೇರೆ ಮಾಡೋ ಪ್ರಶ್ನೆಗಳು ಪ್ರೆಸೆಂಟೇಷನ್‌ನಲ್ಲಿ ಬರದೇ ಇರೋ ವಿಷಯದ್ದು: ಮೊದಲು ಏನು ಟ್ರೈ ಮಾಡಿ ಬಿಟ್ರಿ, ಯಾವುದು ನೀವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ದಿನ ತಗೊಂಡ್ತು, ಯಾರು ಒಪ್ಪಲಿಲ್ಲ, ಒಂದು ಸಲ ಬದಲಾಯಿಸಿ ಸರಿ ಇದ್ಯಾ ಅಂತ ನೋಡೋಕೆ ಎಷ್ಟು ಹೊತ್ತು ಕಾಯ್ಬೇಕಿತ್ತು. ನಮ್ಮ ಅಭ್ಯರ್ಥಿ ಇದಕ್ಕೆ ಹೇಳಿದ್ದು, ಮೊದಲು ಎಂಟು ವರ್ಕರ್ ಒಟ್ಟಿಗೆ ಓಡಿಸಿದ್ವಿ, ಡೇಟಾಬೇಸ್ ಮೇಲೆ ಲೋಡ್ ಜಾಸ್ತಿ ಆಗಿ ಒಂದಕ್ಕೊಂದು ಕಾಯ್ತಾ ಇನ್ನೂ ನಿಧಾನ ಆಯ್ತು, ಅದನ್ನ ಬಿಟ್ವಿ, ಅದಾದ ಮೇಲೆ ನಾನು ಟೈಮ್ ಲಾಗ್ ಹಾಕೋಣ ಅಂದೆ, ಟೀಮ್ ಲೀಡ್‌ಗೆ ಅದು ಟೈಮ್ ವೇಸ್ಟ್ ಅನ್ನಿಸಿತ್ತು, ಪೂರ್ತಿ ರನ್ ಮಾಡೋಕೆ ಒಂದು ರಾತ್ರಿ ಹೋಗ್ತಿತ್ತು ಅದಕ್ಕೆ ಐದು ಪರ್ಸೆಂಟ್ ಗ್ರಾಹಕರ ಡೇಟಾ ತಗೊಂಡು ಸಣ್ಣ ಸ್ಯಾಂಪಲ್ ಮೇಲೆ ತೋರಿಸಿದೆ. ಈಗ ಚಿತ್ರ ಸ್ಪಷ್ಟ. ಕ್ವೆರಿ ತಿದ್ದಿದ್ದು ಇವರಲ್ಲ, ಆದ್ರೆ ಎಲ್ಲಿ ತಿದ್ದಬೇಕು ಅಂತ ಕಂಡುಹಿಡಿದಿದ್ದು ಇವರು, ಒಪ್ಪದವರನ್ನ ಡೇಟಾ ತೋರಿಸಿ ಒಪ್ಪಿಸಿದ್ದೂ ಇವರು. "ನಾವು" ಅನ್ನೋದು ಇಲ್ಲಿ ಸರಿಯಾದ ಪದನೇ.

"ಅಸಿಸ್ಟ್" ಅಂದವರಿಗೆ ಶುರುವಿನ ಪ್ರಶ್ನೆ ಬೇರೆ ಇರ್ಬೇಕು. ಅಲ್ಲಿ ಇನ್ನೊಬ್ಬರು ಮುಖ್ಯಸ್ಥರು ಇದ್ರು ಅಂತ ಅವರೇ ಒಪ್ಕೊಂಡಿದಾರೆ, ಹಾಗಾಗಿ ಹಂಚಿಕೆ ಬಗ್ಗೆ ಕೆದಕೋದಕ್ಕಿಂತ ಆ ಸೀನಿಯರ್ ನಿಮ್ಮ ಕೈಗೆ ಏನು ಕೊಟ್ರು, ಹೇಗೆ ಕೊಟ್ರು, ವಾಪಸ್ ಕೊಟ್ಟಾಗ ಅವರು ಏನೇನು ಬದಲಾಯಿಸಿದ್ರು ಅಂತ ಕೇಳಿ. ಈ ಮೂರನೇ ಭಾಗ ತುಂಬಾ ಹೇಳತ್ತೆ. ಹಂತ ಹಂತವಾಗಿ ಬರೆದುಕೊಟ್ಟಿದ್ದನ್ನ ಮಾಡಿ ಒಪ್ಪಿಸಿದವರಿಗೂ, "ಹೊಸ ಬಿಲ್ಲು ಹಳೇದಕ್ಕೆ ಸರಿ ಇದ್ಯಾ ನೋಡು" ಅಂತ ಒಂದೇ ಮಾತು ಹೇಳಿಸ್ಕೊಂಡು ಉಳಿದದ್ದೆಲ್ಲ ತಾವೇ ಯೋಚಿಸಿದವರಿಗೂ ರೆಸ್ಯೂಮೆಲಿ ಒಂದೇ ಪದ ಇರತ್ತೆ. ನಮ್ಮ ಉದಾಹರಣೆಯ ಅಭ್ಯರ್ಥಿಗೆ ಸಿಕ್ಕಿದ್ದು ಆ ಒಂದು ಮಾತೇ. ಅವರು ಹಿಂದಿನ ಮೂರು ತಿಂಗಳ ಬಿಲ್ಲುಗಳನ್ನ ಹೊಸ ಕೋಡ್‌ನಲ್ಲಿ ಮತ್ತೆ ಓಡಿಸಿ ಸಾಲು ಸಾಲಾಗಿ ಹೋಲಿಸೋ ಪ್ರೋಗ್ರಾಂ ಬರೆದ್ರು, ತಿಂಗಳ ಮಧ್ಯದಲ್ಲಿ ಪ್ಲಾನ್ ಬದಲಾಯಿಸಿದ ಗ್ರಾಹಕರ ಬಿಲ್ಲು ಮಾತ್ರ ಬೇರೆ ಬರ್ತಿತ್ತು, ಹೊಸ ಕ್ವೆರಿ ಎರಡು ಪ್ಲಾನ್ ಇದ್ದಲ್ಲಿ ಕೊನೇದನ್ನ ಮಾತ್ರ ತರ್ತಿತ್ತು. ಮೂರು ತಿಂಗಳು ಯಾಕೆ, ಒಂದು ಸಾಕಾಗ್ತಿರ್ಲಿಲ್ವಾ ಅಂದ್ರೆ, ಒಂದು ತಿಂಗಳಲ್ಲಿ ರಿಫಂಡ್ ಆದ ಕೇಸ್ ಇರ್ಲಿಲ್ಲ ಅದಕ್ಕೆ ಹಿಂದಕ್ಕೆ ಹೋದೆ ಅಂತಾರೆ. ನಿರ್ಧಾರ ಅವರದ್ದೇ, ಕಾರಣನೂ ಅವರ ಹತ್ರನೇ ಇದೆ. ಅದೇ ಸೀನಿಯರ್ ಮೂರು ತಿಂಗಳು ಅಂದಿದ್ರು ಅದಕ್ಕೆ ಮಾಡಿದೆ ಅಂದಿದ್ರೆ ಅದೂ ಪ್ರಾಮಾಣಿಕ ಉತ್ತರನೇ, ಪಾಲು ಮಾತ್ರ ಬೇರೆ.

"ಹೆಲ್ಪ್" ಅನ್ನೋದು ಮೂರರಲ್ಲಿ ಎಲ್ಲಕ್ಕಿಂತ ಸಡಿಲ. ಅವರಿಗೆ ನಾನು ಕೇಳೋದು ಒಂದೇ, ಯಾರಿಗೆ ಹೆಲ್ಪ್ ಮಾಡಿದ್ರಿ, ನೀವು ಆ ತಿಂಗಳು ರಜೆ ಮೇಲೆ ಇದ್ದಿದ್ರೆ ಅವರಿಗೆ ಯಾವ ಕೆಲಸ ನಿಂತು ಹೋಗ್ತಿತ್ತು. ನಮ್ಮ ಮೂರನೆಯವರು ಹೇಳ್ತಾರೆ, ನಾನು ಕಸ್ಟಮರ್ ಸಪೋರ್ಟ್‌ನಲ್ಲಿದ್ದೆ, ಬಿಲ್ಲು ಲೇಟ್ ಅಂತ ಬಂದ ದೂರುಗಳನ್ನ ಒಟ್ಟು ಮಾಡಿ ಡೆವಲಪ್‌ಮೆಂಟ್ ಟೀಮಿಗೆ ಕೊಟ್ಟೆ. ಇದು ನಿಜವಾದ ಕೆಲಸ, ಪ್ರಾಜೆಕ್ಟ್ ಶುರು ಆಗೋಕೆ ಅದೇ ಕಾರಣ ಆಗಿರಬಹುದು, ಆದ್ರೆ 72% ಪಕ್ಕದಲ್ಲಿ ಇಟ್ಟು ನೋಡಿದ್ರೆ ಕೋಡ್ ಬರೆದ ಹಾಗೆ ಕಾಣ್ಸತ್ತೆ. ನೀವು ಹುಡುಕ್ತಿರೋದು ಬ್ಯಾಕೆಂಡ್ ಇಂಜಿನಿಯರ್‌ನ ಅಂದ್ರೆ ಇದು ಸಂಬಂಧ ಇಲ್ಲದ ಸಾಲು, ಸಪೋರ್ಟ್ ಲೀಡ್‌ನ ಅಂದ್ರೆ ಒಳ್ಳೇ ಸಾಲು.

ಈ ದಾರಿಗೂ ಮಿತಿ ಇದೆ. ಚೆನ್ನಾಗಿ ಮಾತಾಡೋರಿಗೆ ಇದು ಅನುಕೂಲ. ಸನ್ನಿವೇಶ, ಹೊಣೆ, ಮಾಡಿದ್ದು, ಫಲಿತಾಂಶ ಅನ್ನೋ ಸ್ಟಾರ್ ಚೌಕಟ್ಟಿನಲ್ಲಿ ಉತ್ತರ ಉರು ಹೊಡೆದು ಬರೋರು ಬೇಕಾದಷ್ಟು ಜನ, ಅವರ ಮೊದಲ ಉತ್ತರ ಯಾವಾಗಲೂ ನೀಟಾಗಿರತ್ತೆ, ಹಾಗಾಗಿ ಮೊದಲ ಉತ್ತರಕ್ಕೆ ಮಾರ್ಕ್ಸ್ ಕೊಡದೆ ಅದರ ನಂತರದ ಎರಡು ಮೂರು ಪ್ರಶ್ನೆಗೆ ಉತ್ತರ ಹೇಗಿದೆ ನೋಡಿ. ಇನ್ನೊಂದು, ಕೆಲಸ ನಾಲ್ಕು ವರ್ಷ ಹಳೇದಾದ್ರೆ ಮಾಡಿದವರಿಗೂ ವಿವರ ಮರ್ತಿರತ್ತೆ, ಆಗ ಇತ್ತೀಚಿನ ಸಾಲಿಗೆ ಹೋಗೋದೇ ನ್ಯಾಯ. ಹಳೇ ಕಂಪನಿಯ ಒಳಗಿನ ವಿಷಯ ಹೇಳೋ ಹಾಗಿಲ್ಲ ಅಂದ್ರೆ ಒತ್ತಾಯ ಮಾಡ್ಬೇಡಿ, ಹೆಸರು ನಂಬರ್ ಬಿಟ್ಟು ನಿರ್ಧಾರ ಹೇಗೆ ತಗೊಂಡ್ರಿ ಅಂತ ಮಾತ್ರ ಕೇಳಿದ್ರೂ ಸಾಕಷ್ಟು ಸಿಗತ್ತೆ.

ರೆಫರೆನ್ಸ್ ಕಾಲ್, ಮತ್ತೆ ಕೋಡ್ ಹಿಸ್ಟರಿ

ರೆಫರೆನ್ಸ್ ಕೊನೆಗೆ ಇಬ್ಬರು ಉಳಿದಾಗ ಮಾತ್ರ. ತುಂಬಾ ಕಂಪನಿಗಳು ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ ಇಷ್ಟು ಮಾತ್ರ ಹೇಳ್ತಾರೆ. ಮಾತಾಡೋ ಮ್ಯಾನೇಜರ್ ಸಿಕ್ಕಿದ್ರೆ "ಹೇಗಿದ್ರು" ಅಂತ ಕೇಳ್ಬೇಡಿ, ಎಲ್ಲರೂ ಚೆನ್ನಾಗಿದ್ರು ಅಂತಾನೇ ಹೇಳೋದು. ಅಭ್ಯರ್ಥಿ ಹೇಳಿದ ನಿರ್ದಿಷ್ಟ ಭಾಗದ ಬಗ್ಗೆ ಕೇಳಿ, ಬಿಲ್ಲು ಹೋಲಿಸೋ ಕೆಲಸ ಯಾರ ಕೈಲಿತ್ತು, ಅದನ್ನ ಹೇಗೆ ಒಪ್ಪಿಸಿದ್ರಿ ಅಂತ, ಆದ್ರೆ ಉತ್ತರ ನೀವೇ ಬಾಯಿಗೆ ಹಾಕ್ಬೇಡಿ. ಎರಡು ಕಡೆಯ ಮಾತು ಪೂರ್ತಿ ಹೊಂದದೇ ಇದ್ರೆ ತಕ್ಷಣ ಸುಳ್ಳು ಅಂತ ತೀರ್ಮಾನ ಮಾಡೋದೂ ಬೇಡ. ರಾಸ್ ಮತ್ತು ಸಿಕೋಲಿ ಅನ್ನೋ ಮನಃಶಾಸ್ತ್ರಜ್ಞರು 1979ರಲ್ಲಿ ಗಂಡ ಹೆಂಡತಿಯನ್ನ ಬೇರೆ ಬೇರೆ ಕೂರಿಸಿ ಮನೆಗೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿದಾಗ ಬಹುಪಾಲು ಜೋಡಿಗಳಲ್ಲಿ ಇಬ್ಬರದ್ದೂ ಕೂಡಿಸಿದ್ರೆ ನೂರಕ್ಕಿಂತ ಜಾಸ್ತಿ ಬರ್ತಿತ್ತು, ಯಾಕಂದ್ರೆ ಮಾಡಿದವರಿಗೆ ತಮ್ಮ ಕೆಲಸ ಸುಲಭವಾಗಿ ನೆನಪಿಗೆ ಬರತ್ತೆ. ಮ್ಯಾನೇಜರ್‌ಗೂ ಅಭ್ಯರ್ಥಿಗೂ ಇದೇ ನಿಯಮ, ಆದ್ರಿಂದ ಪರ್ಸೆಂಟೇಜ್ ಕೇಳೋದು ವ್ಯರ್ಥ, ಯಾವ ಭಾಗ ಅಂತ ಕೇಳೋದು ಸಾರ್ಥಕ.

ಓಪನ್ ಸೋರ್ಸ್ ಕೆಲಸ ಆಗಿದ್ರೆ ಕಮಿಟ್ ಹಿಸ್ಟರಿ ನೋಡೋಣ ಅನ್ಸತ್ತೆ, ನೋಡಿ, ಆದ್ರೆ ಎಣಿಕೆ ಮೇಲೆ ನಿಲ್ಬೇಡಿ:

```
git shortlog -sn
git log --grep="Co-authored-by"
```

ಮೊದಲನೇದು ಹೆಸರಿನ ಪ್ರಕಾರ ಕಮಿಟ್ ಎಣಿಸತ್ತೆ. ಸ್ಕ್ವಾಶ್ ಮಾಡಿ ಮರ್ಜ್ ಮಾಡೋ ಪ್ರಾಜೆಕ್ಟ್‌ನಲ್ಲಿ ಇಪ್ಪತ್ತು ಕಮಿಟ್ ಒಂದಾಗಿ ಕಾಣ್ಸತ್ತೆ, ಇಬ್ಬರು ಒಟ್ಟಿಗೆ ಕೂತು ಬರೆದಿದ್ದು ಒಬ್ಬರ ಹೆಸರಲ್ಲಿ ಇರತ್ತೆ, ಎರಡನೇ ಕಮಾಂಡ್ ಜೊತೆಗಾರರ ಹೆಸರು ಬರೆದಿಟ್ಟಿದ್ರೆ ಮಾತ್ರ ಅದನ್ನ ತೋರಿಸತ್ತೆ. ಇನ್ನು ರಿವ್ಯೂ ಮಾಡಿ ದೊಡ್ಡ ತಪ್ಪು ತಪ್ಪಿಸಿದವರು ಈ ಎಣಿಕೆಯಲ್ಲಿ ಸಾಮಾನ್ಯವಾಗಿ ಬರೋದೇ ಇಲ್ಲ.

ಕೊನೆಗೆ ಯಾರನ್ನ ಆರಿಸೋದು

ನೋಟ್ಸ್ ಬರೆಯೋವಾಗ ಮೂರು ಕಾಲಂ ಇಟ್ಕೊಳ್ಳಿ, ಅವರೇ ಮಾಡಿದ್ದು, ಬೇರೆಯವರು ಮಾಡಿದ್ದು, ಗೊತ್ತಾಗದ್ದು. ಮೂರನೇ ಕಾಲಂ ಖಾಲಿ ಬಿಡೋ ಹಠ ಬೇಡ, ಗೊತ್ತಾಗದ್ದನ್ನ ಗೊತ್ತಾಗಿಲ್ಲ ಅಂತಾನೇ ಬರೀರಿ, ಆಗ ಮುಂದಿನ ರೌಂಡ್‌ನವರು ಅಲ್ಲಿಂದ ಹಿಡ್ಕೋತಾರೆ. "ಟೀಮ್ ಪ್ಲೇಯರ್", "ಓನರ್‌ಶಿಪ್ ಕಡಿಮೆ" ಅಂತ ಬರೆದ್ರೆ ಯಾರಿಗೂ ಉಪಯೋಗ ಇಲ್ಲ. "ನಿಧಾನಕ್ಕೆ ಕಾರಣ ಎಲ್ಲಿದೆ ಅಂತ ಅಳೆದು ಕಂಡುಹಿಡಿದಿದ್ದು ಇವರು, ತಿದ್ದಿದ್ದು ಕಲೀಗ್, ಪ್ರೊಡಕ್ಷನ್‌ಗೆ ಹಾಕಿದ್ದು ಯಾರು ಅಂತ ಕೇಳೋಕೆ ಆಗ್ಲಿಲ್ಲ" ಅಂತ ಬರೆದ್ರೆ ಅದು ಕೆಲಸಕ್ಕೆ ಬರತ್ತೆ.

ಆಮೇಲೆ ಅದನ್ನ ನಿಮ್ಮ ಹುದ್ದೆಯ ಪಕ್ಕ ಇಡಿ. ಸಮಸ್ಯೆ ಏನು ಅಂತಾನೇ ಗೊತ್ತಿಲ್ಲದ ಸಿಸ್ಟಮ್ ಕೈಗೆ ಕೊಡ್ತೀರಾ ಅಂದ್ರೆ ಮೊದಲನೆಯವರು ಸರಿ. ಹಣದ ಲೆಕ್ಕ ಒಂದು ಸಾಲೂ ತಪ್ಪಾಗ್ಬಾರದ ಕಡೆ, ಮೇಲೆ ದಾರಿ ತೋರಿಸೋಕೆ ಸೀನಿಯರ್ ಇದಾರೆ ಅಂದ್ರೆ ಆ ಅಸಿಸ್ಟ್ ಅಂದವರನ್ನ ನಾನು ಮೊದಲು ತಗೋತೀನಿ, ಅನುಭವ ಒಂದೆರಡು ವರ್ಷ ಕಡಿಮೆ ಇದ್ರೂ ಪರವಾಗಿಲ್ಲ. ಆದ್ರೆ ಆ ಹುದ್ದೆಯಲ್ಲಿ ಮೊದಲ ತಿಂಗಳಿಂದಾನೇ ಒಬ್ಬರೇ ನಿರ್ಧಾರ ತಗೋಬೇಕಾಗಿದ್ರೆ, ಅವರ ಇನ್ನೊಂದು ಸಾಲು ತಗೊಂಡು ಇದೇ ತರ ಕೇಳಿ, ಸೀನಿಯರ್ ಇಲ್ಲದೆ ಮಾಡಿದ್ದು ಏನಾದ್ರೂ ಇದ್ಯಾ ನೋಡ್ಕೊಂಡು ಆಮೇಲೆ ಆಫರ್ ಕಳಿಸಿ.